ಪಟ್ಟಿಯಲ್ಲಿ ಮೂವರು ರಮೇಶ, ಊರಲ್ಲಿ ಎಷ್ಟು ಮಂದಿ?

ಹಾಲು ಉತ್ಪಾದಕರ ಸಹಕಾರ ಸಂಘದ ಚುನಾವಣೆ ಹತ್ತಿರ ಬಂತೆಂದರೆ ಕಾರ್ಯದರ್ಶಿಗೆ ಸದಸ್ಯರ ಪಟ್ಟಿಯದೇ ತಲೆನೋವು. ಹೆಸರುಗಳು ಮೂರು ಕಡೆಯಿಂದ ಬಂದಿರುತ್ತವೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ಕಡತವನ್ನು ಯಾರೋ ಯೂನಿಕೋಡಿಗೆ ಬದಲಾಯಿಸಿಕೊಟ್ಟಿರುತ್ತಾರೆ. ಗುಮಾಸ್ತರು ಆಮೇಲಿನ ಸದಸ್ಯರನ್ನು ನೇರವಾಗಿ ಯೂನಿಕೋಡಿನಲ್ಲೇ ಸೇರಿಸಿರುತ್ತಾರೆ. ಮೊಬೈಲ್ ಫಾರಂ ಕಳಿಸಿದಾಗ ಸದಸ್ಯರ ಮಕ್ಕಳು ಅಪ್ಪ ಅಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿರುತ್ತಾರೆ. ಮೂರನ್ನೂ ಒಂದೇ ಎಕ್ಸೆಲ್ ಹಾಳೆಗೆ ಸುರಿದು ಅಕಾರಾದಿಯಾಗಿ ಜೋಡಿಸಿದರೆ ಒಬ್ಬರೇ ಮೂರು ಕಡೆ ಕಾಣಿಸಿಕೊಳ್ಳುತ್ತಾರೆ. ಹೆಸರು ಎರಡು ಬಾರಿ ಬಿದ್ದರೆ ಒಬ್ಬರಿಗೆ ಎರಡು ಮತ. ಇಬ್ಬರನ್ನು ಒಬ್ಬರೆಂದು ತಿಳಿದು ಸೇರಿಸಿಬಿಟ್ಟರೆ ಒಬ್ಬರ ಮತವೇ ಇಲ್ಲ.

ಮಾದರಿಗೆಂದು ಒಂಬತ್ತು ಸಾಲು ತೆಗೆದುಕೊಳ್ಳೋಣ. ಹೆಸರುಗಳು ಯಾವ ಊರಲ್ಲೂ ಸಿಗುವಂಥವು.

```
1  ಹೆಚ್. ಎನ್. ರಮೇಶ್
2  Ramesh H N
3  ಎಚ್.ಎನ್. ರಮೇಶ
4  ಗಂಗಮ್ಮ ಕೋಂ ಸಿದ್ದಪ್ಪ
5  ಗ೦ಗಮ್ಮ ಕೋಂ ಸಿದ್ಧಪ್ಪ
6  ಗೌರಮ್ಮ
7  Rama N
8  ರಮಾ ಎನ್.
9  ರಾಮ ಎನ್.
```

ಕನ್ನಡದ ನಿಯಮ ಗೊತ್ತಿಲ್ಲದ ತಂತ್ರಾಂಶಕ್ಕೆ ಅಕ್ಷರಗಳೆಂದರೆ ಬರೀ ಸಂಖ್ಯೆಗಳು. ಯೂನಿಕೋಡಿನಲ್ಲಿ ಇಂಗ್ಲಿಷಿನ ಅಕ್ಷರಗಳು ಮೊದಲ ನೂರಿಪ್ಪತ್ತೆಂಟು ಸ್ಥಾನಗಳೊಳಗೇ ಇವೆ. ಕನ್ನಡಕ್ಕೆ ಸಿಕ್ಕಿರುವುದು 3200ರಿಂದ 3327ರವರೆಗಿನ ಸ್ಥಾನಗಳು. ಹಾಗಾಗಿ ಸಂಖ್ಯೆಯ ಪ್ರಕಾರ ಜೋಡಿಸಿದಾಗ ಮೊದಲು Rama N, ಆಮೇಲೆ Ramesh H N ಬರುತ್ತವೆ. ಅವುಗಳ ಹಿಂದೆ ಎಚ್.ಎನ್. ರಮೇಶ ‘ಎ’ಕಾರದಲ್ಲಿ ಕೂರುತ್ತಾನೆ. ಹೆಚ್. ಎನ್. ರಮೇಶ್ ‘ಹ’ಕಾರದಲ್ಲಿ, ಪಟ್ಟಿಯ ಕಟ್ಟಕಡೆಗೆ. ಒಂಬತ್ತು ಸಾಲಿನಲ್ಲೇ ಮೂವರು ರಮೇಶರು ಎರಡನೆಯ, ಮೂರನೆಯ ಮತ್ತು ಒಂಬತ್ತನೆಯ ಸ್ಥಾನಕ್ಕೆ ಚದುರಿಹೋದರು. ಸಾವಿರ ಹೆಸರಿದ್ದರೆ ಅವರು ಪುಟ ಪುಟಗಳಷ್ಟು ದೂರವಾಗುತ್ತಾರೆ.

ಇಲ್ಲಿ ಆಗುವ ಎಡವಟ್ಟು ಕೆಲಸದ ಅನುಕ್ರಮದ್ದು. ಮೊದಲು ಅಕಾರಾದಿಗೆ ಹಾಕಿ, ಅಕ್ಕಪಕ್ಕ ಬಂದ ಒಂದೇ ಥರದ ಹೆಸರುಗಳನ್ನು ಕಣ್ಣಲ್ಲಿ ಹುಡುಕುತ್ತಾ ಹೋಗುತ್ತೇವೆ. ಆದರೆ ಒಂದೇ ಹೆಸರು ಅಕ್ಕಪಕ್ಕ ಬರುವುದೇ ಇಲ್ಲವಲ್ಲ. ಸರಿಯಾದ ದಾರಿ ಇದರ ತಿರುಗುಮುರುಗು: ಮೊದಲು ಬರಹದ ಶುದ್ಧಿ, ನಂತರ ಜೋಡಿಗಳ ಪತ್ತೆ, ಅಕಾರಾದಿ ಕಟ್ಟಕಡೆಗೆ.

ಕಣ್ಣಿಗೆ ಕಾಣದ ವ್ಯತ್ಯಾಸ

ನಾಲ್ಕನೆಯ ಮತ್ತು ಐದನೆಯ ಸಾಲಿನ ಗಂಗಮ್ಮನನ್ನು ನೋಡಿ. ಎರಡೂ ಒಂದೇ ಥರ ಕಾಣುತ್ತವೆ. ಆದರೆ ಐದನೆಯದರಲ್ಲಿ ‘ಗ’ದ ಪಕ್ಕ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಆಡುಮಾತಿನಲ್ಲಿ ಎರಡನ್ನೂ ಸೊನ್ನೆ ಎನ್ನುತ್ತೇವೆ, ಬಹುತೇಕ ಫಾಂಟ್‌ಗಳಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಕಾರ. ಹಾಗಾಗಿ ಟೈಪ್ ಮಾಡುವವರು ಯಾವುದನ್ನು ಒತ್ತಿದರೂ ಪರದೆಯ ಮೇಲೆ ತಪ್ಪು ಕಾಣುವುದಿಲ್ಲ. ಯಂತ್ರಕ್ಕೆ ಮಾತ್ರ ಅನುಸ್ವಾರ 3202, ಅಂಕಿ 3302. ಸಂಖ್ಯೆಯ ಪ್ರಕಾರ ಜೋಡಿಸಿದರೆ ಅಂಕಿಯ ಗಂಗಮ್ಮ ಗೌರಮ್ಮನನ್ನೂ ದಾಟಿ ‘ಗ’ಕಾರದ ಕೊನೆಗೆ ಹೋಗುತ್ತಾಳೆ. ಭಾಷೆಯ ನಿಯಮ ತಿಳಿದ ತಂತ್ರಾಂಶ ಅಂಕಿಗಳನ್ನು ಅಕ್ಷರಗಳಿಗಿಂತ ಮುಂದಿಡುವುದರಿಂದ ಅಲ್ಲಿ ಅವಳು ‘ಗ’ಕಾರದ ಆರಂಭದಲ್ಲೇ ಕಾಣಿಸಿಕೊಳ್ಳುತ್ತಾಳೆ. ಪಟ್ಟಿಯ ಪ್ರತಿ ಅಕ್ಷರದ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಹೆಸರುಗಳ ಮೇಲೆ ಕಣ್ಣಾಡಿಸಿದರೆ ಇಂಥವು ಸಿಕ್ಕಿಬೀಳುತ್ತವೆ. ಅನುಮಾನ ಬಂದ ಹೆಸರು A2 ಮನೆಯಲ್ಲಿದ್ದರೆ ಪಕ್ಕದ ಖಾಲಿ ಮನೆಯಲ್ಲಿ ಈ ಸೂತ್ರ ಹಾಕಿ:

```
=UNICODE(MID(A2,2,1))
```

ಇದು ಹೆಸರಿನ ಎರಡನೆಯ ಚಿಹ್ನೆಯ ಸಂಖ್ಯೆ ಹೇಳುತ್ತದೆ. 3302 ಎಂದು ಬಂದರೆ ಅಲ್ಲಿ ಕೂತಿರುವುದು ಅಂಕಿ.

ಎರಡನೆಯ ಕಾಣದ ವ್ಯತ್ಯಾಸ ಸ್ವರಚಿಹ್ನೆಗಳದು. ‘ಗೋ’ ಎಂಬಲ್ಲಿನ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರು ಚಿಹ್ನೆಗಳಾಗಿ ಒಡೆದೂ ಬರೆಯಬಹುದು. ಎರಡೂ ಸಮ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಹಳೆಯ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಿ ಬರೆಯುತ್ತಿದ್ದುದರಿಂದ, ಪರಿವರ್ತಿಸಿದ ಕಡತಗಳಲ್ಲಿ ಒಡೆದ ರೂಪ ಉಳಿದುಕೊಂಡಿರುವ ಸಾಧ್ಯತೆ ಇದೆ. ಒಂದೇ ಚಿಹ್ನೆಯ ಓಕಾರವಿರುವ ‘ಗೋಪಾಲ’ನಿಗೆ =LEN(A2) ಸೂತ್ರ ಐದು ಎನ್ನುತ್ತದೆ, ಒಡೆದ ಓಕಾರವಿದ್ದರೆ ಏಳು ಎನ್ನುತ್ತದೆ. ನೋಡಲು ಇಬ್ಬರೂ ಒಂದೇ ಗೋಪಾಲ.

ಮೂರನೆಯದು ಇನ್ನೂ ಸೂಕ್ಷ್ಮ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಅಡಿಗೆ ‘ಕ’ ಒತ್ತಕ್ಷರವಾಗಿ ಸೇರದಿರಲೆಂದು ನಡುವೆ ಅಗಲವಿಲ್ಲದ ಒಂದು ಗುರುತು ಹಾಕುತ್ತೇವೆ. ಕೆಲವು ಕೀಲಿಮಣೆಗಳು ತಾವಾಗಿಯೇ ಹಾಕುತ್ತವೆ, ಕೆಲವದರಲ್ಲಿ ನಾವೇ ಒತ್ತಬೇಕು. ಗುರುತು ಬಿಟ್ಟುಹೋದರೆ ‘ರಾಜ್ಕುಮಾರ್’ ಆಗುತ್ತದೆ. ಓದುವವರಿಗೆ ಇದು ಬರೀ ಬರವಣಿಗೆಯ ಅಂದಚೆಂದದ ವಿಷಯ, ಯಂತ್ರಕ್ಕೆ ಎರಡು ಬೇರೆ ಹೆಸರು.

ಈ ಮೂರನ್ನೂ ಪೈಥಾನ್ ಭಾಷೆಯ ನಾಲ್ಕೈದು ಸಾಲುಗಳಲ್ಲಿ ಸರಿಮಾಡಬಹುದು.

```python
import re, unicodedata

def shuddha(s):
    s = re.sub("[\u200b-\u200d\ufeff]", "", s)
    s = unicodedata.normalize("NFC", s)
    s = re.sub("(?<=[\u0c85-\u0ccd])\u0ce6", "\u0c82", s)
    return " ".join(s.split())
```

ಮೊದಲ ಹೆಜ್ಜೆಯಲ್ಲಿ ಕಾಣದ ಗುರುತುಗಳು ಹೋಗುತ್ತವೆ. ಎರಡನೆಯದರಲ್ಲಿ ಒಡೆದ ಸ್ವರಚಿಹ್ನೆಗಳು ಕೂಡುತ್ತವೆ. ಮೂರನೆಯದರಲ್ಲಿ ಕನ್ನಡ ಅಕ್ಷರದ ಬೆನ್ನಿಗೇ ಬಂದ ಅಂಕಿ ಸೊನ್ನೆ ಅನುಸ್ವಾರವಾಗುತ್ತದೆ. ಅಂಕಿಯ ಪಕ್ಕದ ಸೊನ್ನೆಯನ್ನು ಇದು ಮುಟ್ಟುವುದಿಲ್ಲ, ಆದ್ದರಿಂದ ‘೧೦’ ಎಂಬುದು ಹತ್ತಾಗಿಯೇ ಉಳಿಯುತ್ತದೆ. ಕೊನೆಗೆ ಹೆಚ್ಚುವರಿ ಖಾಲಿಜಾಗ ಹೋಗುತ್ತದೆ. ಹೀಗೆ ಶುದ್ಧವಾದ ರೂಪ ಬೇರೆ ಕಾಲಮ್ಮಿನಲ್ಲಿರಬೇಕು, ಸದಸ್ಯರು ಕೊಟ್ಟ ಹೆಸರಿನ ಕಾಲಮ್ಮನ್ನು ಮುಟ್ಟಬಾರದು. ರಾಜ್‌ಕುಮಾರ್ ಅವರ ಗುರುತಿನ ಚೀಟಿ ಮುದ್ರಿಸುವಾಗ ಆ ಕಾಣದ ಗುರುತು ಮತ್ತೆ ಬೇಕಾಗುತ್ತದೆ.

ಹೆಸರಿನ ಸುತ್ತಲಿನ ಪರಿವಾರ

ಬರಹ ಶುದ್ಧವಾದ ಮೇಲೆ ಹೆಸರನ್ನು ಅದರ ಪರಿವಾರದಿಂದ ಬಿಡಿಸಿಕೊಳ್ಳಬೇಕು. ಶ್ರೀ, ಶ್ರೀಮತಿ, ಡಾ. ಇವನ್ನು ಪಕ್ಕಕ್ಕಿಡುವುದು ಸುಲಭ. ಹಳೆಯ ಮೈಸೂರು ಕಡೆಯ ದಾಖಲೆಗಳಲ್ಲಿ ‘ಬಿನ್’ ಎಂದರೆ ಮುಂದೆ ತಂದೆಯ ಹೆಸರು, ‘ಕೋಂ’ ಎಂದರೆ ಗಂಡನ ಹೆಸರು, ‘ಉರುಫ್’ ಎಂದರೆ ಇನ್ನೊಂದು ಹೆಸರು. ಇವು ಸಿಕ್ಕಲ್ಲಿ ಸಾಲನ್ನು ಎರಡಾಗಿಸಿ ಸಂಬಂಧಿಕರ ಹೆಸರನ್ನು ಬೇರೆ ಕಾಲಮ್ಮಿಗೆ ಹಾಕಬೇಕು. ಮುಂದೆ ತೀರ್ಮಾನಕ್ಕೆ ಆಸರೆಯಾಗುವುದು ಆ ಕಾಲಮ್ಮೇ.

ಇನಿಷಿಯಲ್‌ಗಳ ಕಥೆ ಇನ್ನೊಂದು. ಇಂಗ್ಲಿಷಿನ H ಕನ್ನಡದಲ್ಲಿ ಎಚ್, ಹೆಚ್ ಎರಡೂ ಆಗುತ್ತದೆ. M ಎಂಬುದು ಎಂ, ಎಮ್, ಯಂ ಎಂದು ಮೂರು ವೇಷ ಹಾಕುತ್ತದೆ. N, S, L ಇವಕ್ಕೂ ಎಕಾರದ ರೂಪ ಒಂದು, ‘ಯ’ಕಾರದ ರೂಪ ಒಂದು ಇರುತ್ತವೆ. ಅದೃಷ್ಟವೆಂದರೆ ಇಂಗ್ಲಿಷಿನಲ್ಲಿ ಇರುವುದೇ ಇಪ್ಪತ್ತಾರು ಅಕ್ಷರ. ಪ್ರತಿಯೊಂದರ ಕನ್ನಡ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಕೆಲಸ ಮುಗಿಯಿತು. ಆ ಹಾಳೆಯ ಪ್ರಕಾರ ಎಲ್ಲ ಇನಿಷಿಯಲ್‌ಗಳನ್ನೂ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ಹೆಸರಿನ ಹಿಂದಕ್ಕೆ ಕಳಿಸಿದರೆ ನಮ್ಮ ಮೊದಲ ಮೂರು ಸಾಲುಗಳಲ್ಲಿ ‘ರಮೇಶ್, H N’, ‘Ramesh, H N’, ‘ರಮೇಶ, H N’ ಉಳಿಯುತ್ತವೆ.

ಉತ್ತರ ಕರ್ನಾಟಕದ ಪಟ್ಟಿಯಾದರೆ ಇನಿಷಿಯಲ್ ಕಡಿಮೆ, ಅಡ್ಡಹೆಸರು ಹೆಚ್ಚು. ‘ಬಸವರಾಜ ಶಿವಪ್ಪ ಪಾಟೀಲ’ ಇನ್ನೊಂದು ಕಡೆ ‘ಪಾಟೀಲ ಬಸವರಾಜ ಶಿವಪ್ಪ’ ಆಗಿರುತ್ತಾರೆ. ಅಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬೇರೆ ಬೇರೆ ಕಾಲಮ್ಮಿಗೆ ಬಿಡಿಸದೆ ಹೋಲಿಕೆ ಶುರುಮಾಡುವಂತಿಲ್ಲ.

ಹೋಲಿಸುವುದಕ್ಕೊಂದು ಒರಟು ರೂಪ

ಈಗ ರಮೇಶ್, ರಮೇಶ, Ramesh ಒಂದೇ ಎಂದು ಯಂತ್ರಕ್ಕೆ ತಿಳಿಸುವುದು ಹೇಗೆ? ಮೊದಲು ಹೊಳೆಯುವುದು, ಎರಡು ಹೆಸರುಗಳ ನಡುವೆ ಎಷ್ಟು ಚಿಹ್ನೆ ಬೇರೆ ಎಂದು ಎಣಿಸುವ ಉಪಾಯ. ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಹೆಸರಿನಲ್ಲಿ ಇಂಥದ್ದೊಂದು ಅಳತೆಯೇ ಇದೆ. ಕನ್ನಡದ ಹೆಸರುಗಳಿಗೆ ಅದು ಒಂಟಿಯಾಗಿ ಸಾಲದು. ‘ಗೀತ’ ಮತ್ತು ‘ಗೀತಾ’ ನಡುವೆ ಒಂದೇ ಚಿಹ್ನೆಯ ಅಂತರ, ಸಾಮಾನ್ಯವಾಗಿ ಹೆಸರೂ ಒಂದೇ. ‘ಗೀತಾ’ ಮತ್ತು ‘ಸೀತಾ’ ನಡುವೆಯೂ ಒಂದೇ ಚಿಹ್ನೆಯ ಅಂತರ, ಆದರೆ ಹೆಸರುಗಳು ಪೂರ್ತಿ ಬೇರೆ. ಎಷ್ಟು ಬದಲಾಗಿದೆ ಎಂಬುದು ಈ ಅಳತೆಗೆ ಗೊತ್ತು, ಏನು ಬದಲಾಗಿದೆ ಎಂಬುದು ಗೊತ್ತಿಲ್ಲ.

ಇನ್ನೊಂದು ಹಳೆಯ ಉಪಾಯ ಸೌಂಡೆಕ್ಸ್. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದ ಈ ವಿಧಾನ ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಅದರ ಲೆಕ್ಕದಲ್ಲಿ Ramaiah ಮತ್ತು Rani ಎರಡೂ R500. ರಾಮಯ್ಯನವರನ್ನು ರಾಣಿಯ ಜೊತೆ ಕೂರಿಸುವ ವಿಧಾನ ನಮ್ಮ ಊರಿಗೆ ಆಗಿಬರುವುದಿಲ್ಲ. Yellappa ಮತ್ತು Ellappa ಮೊದಲ ಅಕ್ಷರದಲ್ಲೇ ಬೇರೆಯಾಗುವುದರಿಂದ ಅವನ್ನು ಅದು ಸೇರಿಸುವುದೂ ಇಲ್ಲ.

ಕನ್ನಡ ಹೆಸರುಗಳ ವ್ಯತ್ಯಾಸ ಮನಬಂದಂತೆ ಆಗುವುದಿಲ್ಲ, ಅದಕ್ಕೊಂದು ಗೊತ್ತಾದ ಜಾಡಿದೆ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗುತ್ತವೆ: ಸಿದ್ದಪ್ಪ, ಸಿದ್ಧಪ್ಪ. ಶ, ಷ, ಸ ಒಂದರ ಜಾಗಕ್ಕೆ ಇನ್ನೊಂದು ಬರುತ್ತವೆ. ಹ್ರಸ್ವ ದೀರ್ಘವಾಗುತ್ತದೆ: ಲಕ್ಷ್ಮಿ, ಲಕ್ಷ್ಮೀ. ಕೊನೆಯ ಅಕಾರ ಇರುತ್ತದೆ ಅಥವಾ ಬಿದ್ದುಹೋಗುತ್ತದೆ: ರಮೇಶ, ರಮೇಶ್. ಈ ಜಾಡನ್ನೇ ಹಿಡಿದು ಪ್ರತಿ ಹೆಸರಿನಿಂದ ಒಂದು ಒರಟು ರೂಪ ಮಾಡಿಕೊಳ್ಳಬೇಕು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ಶ ಷ ಎರಡನ್ನೂ s ಮಾಡಿ, ಳ ಣ ಇವನ್ನು l, n ಮಾಡಿ, ದೀರ್ಘವನ್ನು ಹ್ರಸ್ವ ಮಾಡಿ, ದ್ವಿತ್ವವನ್ನು ಒಂಟಿ ಮಾಡಿ, ಕೊನೆಯ a ಬಿಡಬೇಕು. ಇಂಗ್ಲಿಷಿನಲ್ಲಿ ಬಂದ ಹೆಸರಿಗೂ ಇದೇ ಉಪಚಾರ: sh ಎಂಬುದು s, th ಎಂಬುದು t, x ಎಂಬುದು ks, ee ಎಂಬುದು i, ow ಮತ್ತು ou ಎರಡೂ au. ನಮ್ಮ ಕಡೆ Geetha, Latha ಎಂದು ಬರೆಯುವಾಗಿನ th ‘ಥ’ ಅಲ್ಲ, ‘ತ’ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಮಹಾಪ್ರಾಣ ಬಿಟ್ಟಾಗ ಆ ಗೊಂದಲವೂ ತಾನಾಗಿ ಕಳೆಯುತ್ತದೆ.

ಹೀಗೆ ಮಾಡಿದಾಗ ರಮೇಶ್, ರಮೇಶ, Ramesh ಮೂರೂ rames ಆಗುತ್ತವೆ. ಲಕ್ಷ್ಮೀದೇವಿ, Laxmidevi ಎರಡೂ laksmidevi. ಸಿದ್ದಪ್ಪ, ಸಿದ್ಧಪ್ಪ, Siddhappa ಮೂರೂ sidap. ಗೌಡ, Gowda, Gouda ಮೂರೂ gaud. ಓದಲು ಚೆನ್ನಾಗಿಲ್ಲ, ಆದರೆ ಈ ರೂಪವನ್ನು ಯಾರೂ ಓದಬೇಕಾಗಿಲ್ಲ, ಎಲ್ಲೂ ಮುದ್ರಿಸಬೇಕಾಗಿಲ್ಲ.

ಇಂಗ್ಲಿಷ್ ಹೆಸರನ್ನೇ ಕನ್ನಡಕ್ಕೆ ತಿರುಗಿಸಿ ಹೋಲಿಸಬಾರದೇಕೆ ಎಂದು ಕೇಳಬಹುದು. Kala ಎಂದು ಬರೆದಿದ್ದರೆ ಅದು ಕಲಾ ಇರಬಹುದು, ಕಾಳ ಇರಬಹುದು. ಇಂಗ್ಲಿಷಿಗೆ ಹೋಗುವಾಗ ಕಳೆದುಕೊಂಡ ದೀರ್ಘವನ್ನು, ಳಕಾರವನ್ನು ವಾಪಸು ಬರುವಾಗ ಊಹಿಸಿಯೇ ತುಂಬಬೇಕು. ಎರಡು ಕಡೆಯವರೂ ಇಳಿಯಬಹುದಾದ ಒರಟು ಮಟ್ಟದಲ್ಲಿ ಹೋಲಿಸಿದರೆ ಊಹೆಯ ಅಗತ್ಯವೇ ಬೀಳುವುದಿಲ್ಲ.

ಕೆಲಸವೂ ಹಗುರಾಗುತ್ತದೆ. 1,200 ಸದಸ್ಯರಿದ್ದರೆ ಪ್ರತಿಯೊಬ್ಬರನ್ನೂ ಪ್ರತಿಯೊಬ್ಬರ ಜೊತೆ ಹೋಲಿಸಲು 7,19,400 ಜೋಡಿಗಳಾಗುತ್ತವೆ. ಒರಟು ರೂಪ ಒಂದೇ ಇರುವವರನ್ನು ಮಾತ್ರ ಗುಂಪು ಮಾಡಿದರೆ ಒಬ್ಬ ಗುಮಾಸ್ತರು ಕೂತು ನೋಡಿ ಮುಗಿಸಬಹುದಾದಷ್ಟು ಉಳಿಯುತ್ತವೆ. ಈ ಜರಡಿಯಲ್ಲೂ ತಪ್ಪಿಸಿಕೊಳ್ಳುವ ಎಲ್ಲಪ್ಪ ಯೆಲ್ಲಪ್ಪರಂಥ ಜೋಡಿಗಳಿಗೆ, ಒರಟು ರೂಪದ ಮೇಲೆಯೇ ಒಂದು ಅಕ್ಷರದ ಅಂತರವನ್ನು ಎರಡನೆಯ ಸುತ್ತಿನಲ್ಲಿ ಹುಡುಕಬಹುದು. ಚಿಹ್ನೆ ಎಣಿಸುವ ಅಳತೆ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಗುಂಪು ಬೇರೆ, ತೀರ್ಪು ಬೇರೆ

ಒರಟು ರೂಪ ತಪ್ಪು ಜೋಡಿಗಳನ್ನೂ ತಂದು ನಿಲ್ಲಿಸುತ್ತದೆ. ‘ರಾಮ’ ಮತ್ತು ‘ರಮಾ’ ಎರಡೂ ಅದರಲ್ಲಿ ram. ಒಬ್ಬ ಗಂಡಸು, ಒಬ್ಬ ಹೆಂಗಸು. ಇದನ್ನು ತಪ್ಪಿಸಲು ದೀರ್ಘವನ್ನು ಉಳಿಸಿಕೊಳ್ಳಲು ಹೊರಟರೆ ಇಂಗ್ಲಿಷಿನ Rama ಇಬ್ಬರ ಹತ್ತಿರವೂ ಬರುವುದಿಲ್ಲ. ಆದ್ದರಿಂದ ಇಲ್ಲಿ ಕೆಲಸ ಹಂಚಿಕೊಳ್ಳಬೇಕು. ಯಾರ್ಯಾರನ್ನು ಅಕ್ಕಪಕ್ಕ ನಿಲ್ಲಿಸಬೇಕು ಎಂಬುದನ್ನು ಒರಟು ರೂಪ ಹೇಳಲಿ. ಇಬ್ಬರೂ ಒಬ್ಬರೇ ಎಂಬುದನ್ನು ಹೆಸರಲ್ಲದ ಇನ್ನೊಂದು ಸಾಕ್ಷಿ ಹೇಳಲಿ.

ಆ ಸಾಕ್ಷಿಗಳಲ್ಲಿ ತಂದೆಯ ಅಥವಾ ಗಂಡನ ಹೆಸರು ಹೆಚ್ಚು ಭದ್ರ, ಅದಕ್ಕೂ ಇದೇ ಒರಟು ರೂಪ ಮಾಡಿ ಹೋಲಿಸಬೇಕು. ಷೇರು ಸಂಖ್ಯೆ ಎರಡೂ ಕಡೆ ಇದ್ದರಂತೂ ಬೇರೇನೂ ಬೇಡ. ಫೋನ್ ಸಂಖ್ಯೆಯನ್ನು ನೆಚ್ಚುವಂತಿಲ್ಲ, ಮನೆಮಂದಿಗೆಲ್ಲ ಮಗನ ಮೊಬೈಲ್ ಒಂದೇ ಇರುತ್ತದೆ. ಹುಟ್ಟಿದ ದಿನವೂ ಹಾಗೆಯೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟು ಜನರ ಜನ್ಮದಿನವಾಗಿದೆ ಎಂದು ಯಾವ ಹಳ್ಳಿಯ ಪಟ್ಟಿ ನೋಡಿದರೂ ಗೊತ್ತಾಗುತ್ತದೆ.

ನಮ್ಮ ಒಂಬತ್ತು ಸಾಲುಗಳನ್ನು ಈ ಪರೀಕ್ಷೆಗೆ ಹಚ್ಚೋಣ. ಮೂವರು ರಮೇಶರ ಒರಟು ರೂಪವೂ ಇನಿಷಿಯಲ್ಲೂ ಒಂದೇ. H ಊರಿನ ಹೆಸರು, N ತಂದೆಯ ಹೆಸರು. ಸದಸ್ಯತ್ವದ ಅರ್ಜಿ ತೆಗೆದು ನೋಡಿದರೆ ಮೊದಲನೆಯ ಸಾಲಿನ ತಂದೆ ನಂಜಪ್ಪ, ಎರಡನೆಯದರಲ್ಲಿ Nanjappa, ಮೂರನೆಯದರಲ್ಲಿ ನಾಗಪ್ಪ ಎಂದಿದೆ ಎನ್ನೋಣ. ಮೊದಲ ಎರಡು ಸಾಲು ಒಬ್ಬರದೇ. ಮೂರನೆಯವರು ಅದೇ ಊರಿನ ಬೇರೆ ರಮೇಶ. ಕೇವಲ ಹೆಸರು ಮತ್ತು ಇನಿಷಿಯಲ್ ನೋಡಿ ಅಳಿಸಿದ್ದರೆ ಇವರ ಮತ ಹೋಗುತ್ತಿತ್ತು. ನಾಲ್ಕು ಮತ್ತು ಐದರಲ್ಲಿ ಗಂಗಮ್ಮನೂ ಒಂದೇ, ಗಂಡನ ಒರಟು ರೂಪವೂ sidap ಎಂದು ಒಂದೇ. ಷೇರು ಪುಸ್ತಕ ನೋಡಿ ಖಚಿತ ಮಾಡಿಕೊಂಡು ಒಬ್ಬರೆಂದು ಬರೆಯಬಹುದು. ಏಳನೆಯ Rama N ರಮಾಳಿಗೂ ಹೊಂದುತ್ತದೆ, ರಾಮನಿಗೂ ಹೊಂದುತ್ತದೆ. ಫಾರಂನಲ್ಲಿ ಗಂಡನ ಹೆಸರಿನ ಮನೆ ತುಂಬಿದ್ದರೆ ಅದು ರಮಾ. ಒಂಬತ್ತು ಸಾಲಿನಲ್ಲಿ ಇರುವುದು ಆರು ಜನ.

ಒಬ್ಬರೇ ಎಂದು ಗೊತ್ತಾದ ಮೇಲೂ ಸಾಲನ್ನು ಅಳಿಸಬಾರದು. ಎರಡೂ ಸಾಲಿಗೆ ಒಂದೇ ಗುಂಪು ಸಂಖ್ಯೆ ಕೊಟ್ಟು, ಯಾವ ಸಾಕ್ಷಿಯಿಂದ ಸೇರಿಸಿದಿರಿ ಎಂದು ಪಕ್ಕದಲ್ಲಿ ಬರೆದಿಟ್ಟರೆ, ಯಾರಾದರೂ ಆಕ್ಷೇಪ ಎತ್ತಿದಾಗ ಆ ಸಂಖ್ಯೆ ಬದಲಾಯಿಸಿದರೆ ಸಾಕು.

ಕೊನೆಗೆ ಅಕಾರಾದಿ

ಗುಂಪು ಮುಗಿದಾಗ ಅಕಾರಾದಿಯ ಅರ್ಧ ಸಮಸ್ಯೆ ತಾನಾಗಿ ಬಗೆಹರಿದಿರುತ್ತದೆ. ಇಂಗ್ಲಿಷಿನಲ್ಲಿ ಬಂದ Ramesh H N ಎಂಬುದಕ್ಕೆ ಕನ್ನಡದ ಜೋಡಿ ಸಿಕ್ಕಿದೆ, ಅದೇ ಕಾಗುಣಿತ ಸಾಕು. ಜೋಡಿಯಿಲ್ಲದೆ ಉಳಿದ ಇಂಗ್ಲಿಷ್ ಹೆಸರುಗಳಿಗೆ ಮಾತ್ರ ಊರು ಬಲ್ಲವರು ಕೂತು ಕನ್ನಡ ರೂಪ ಬರೆಯಬೇಕು. ಕಲಾ ಯಾರು, ಕಾಳ ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ.

ಆಮೇಲೆ ಸ್ವಂತ ಹೆಸರು ಮುಂದೆ, ಇನಿಷಿಯಲ್ ಹಿಂದೆ ಇರುವ ಶುದ್ಧ ಕಾಲಮ್ಮಿನ ಮೇಲೆ ಜೋಡಿಸಿದರೆ ಗಂಗಮ್ಮ, ಗೌರಮ್ಮ, ರಮಾ, ಇಬ್ಬರು ರಮೇಶರು, ರಾಮ ಎಂದು ಸಾಲಾಗಿ ಬರುತ್ತಾರೆ. ಯೂನಿಕೋಡಿನ ಸಂಖ್ಯೆಗಳು ಹೆಚ್ಚುಕಡಿಮೆ ನಮ್ಮ ವರ್ಣಮಾಲೆಯ ಕ್ರಮದಲ್ಲೇ ಇರುವುದರಿಂದ, ಬರಹ ಶುದ್ಧವಾಗಿದ್ದರೆ ಸಾದಾ ಜೋಡಣೆಯೂ ಬಹುಮಟ್ಟಿಗೆ ಸರಿಹೋಗುತ್ತದೆ. ಒತ್ತಕ್ಷರ ಬರುವ ‘ಕ್ಷ’ ಮೊದಲಾದವು ‘ಕೌ’ ಆದ ಮೇಲೆ ಬರುತ್ತವೆ. ಮುಖ್ಯವಾಗಿ ವಿಚಾರ ಮಾಡಬೇಕಾದ್ದು ಅನುಸ್ವಾರ. ಕಾಗುಣಿತದಲ್ಲಿ ‘ಗಂ’ ಬರುವುದು ‘ಗೌ’ ಆದ ಮೇಲೆ, ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ ಎಲ್ಲ ಅಕ್ಷರಗಳಿಗಿಂತ ಕಡಿಮೆಯಾದ್ದರಿಂದ ಗಂಗಮ್ಮ ಗಣೇಶನಿಗಿಂತಲೂ ಮುಂದೆ ಬರುತ್ತಾಳೆ. ಸಂಘ ಯಾವುದನ್ನಾದರೂ ಒಪ್ಪಿಕೊಳ್ಳಲಿ, ಆದರೆ ಪಟ್ಟಿಯ ತಲೆಯ ಮೇಲೆ ಒಂದು ಸಾಲು ಬರೆದು ಹಾಕಲಿ. ಇಲ್ಲವಾದರೆ ‘ಗೌ’ ಆದ ಮೇಲೆ ತನ್ನ ಹೆಸರು ಹುಡುಕುವ ಗಂಗಮ್ಮ, ಪಟ್ಟಿಯಿಂದಲೇ ತೆಗೆದುಹಾಕಿದ್ದಾರೆ ಎಂದುಕೊಳ್ಳುತ್ತಾಳೆ.

ಮುದ್ರಿಸುವಾಗ ರಮೇಶ ಎಂದೋ ರಮೇಶ್ ಎಂದೋ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಯಂತ್ರವೂ ಗುಮಾಸ್ತರೂ ತೀರ್ಮಾನಿಸಬೇಕಿಲ್ಲ. ಷೇರು ಪತ್ರದಲ್ಲಿ ಇರುವಂತೆ ಕರಡು ಪಟ್ಟಿ ಮುದ್ರಿಸಿ ಡೇರಿಯ ಗೋಡೆಗೆ ಅಂಟಿಸಿ, ಗುಂಪು ಸಂಖ್ಯೆಯನ್ನೂ ಪಕ್ಕದಲ್ಲಿ ಹಾಕಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರೇ ತಮ್ಮ ಹೆಸರಿನ ಕಾಗುಣಿತ ತಿದ್ದುತ್ತಾರೆ, ತಪ್ಪಾಗಿ ಸೇರಿಹೋದ ಇಬ್ಬರು ರಮೇಶರಿದ್ದರೆ ಅದನ್ನೂ ಹೇಳುತ್ತಾರೆ. ಆ ತಿದ್ದುಪಡಿಗಳು ಮೂಲ ಹೆಸರಿನ ಕಾಲಮ್ಮಿಗೆ ಹೋಗಲಿ, ಒರಟು ರೂಪವನ್ನು ಯಂತ್ರ ಮತ್ತೆ ಮಾಡಿಕೊಳ್ಳುತ್ತದೆ. ಮುಂದಿನ ವರ್ಷ ಹೊಸ ಸದಸ್ಯರನ್ನು ಸೇರಿಸುವಾಗ ಅದೇ ಒರಟು ರೂಪ ಪಟ್ಟಿಯಲ್ಲಿ ಆಗಲೇ ಇದೆಯೇ ಎಂದು ಆ ಕ್ಷಣದಲ್ಲೇ ನೋಡಿಕೊಂಡರೆ, ಚುನಾವಣೆ ಬಂದಾಗ ಒಂಬತ್ತು ಸಾಲಿನಲ್ಲಿ ಆರು ಜನರನ್ನು ಹುಡುಕುವ ಕೆಲಸವೇ ಇರುವುದಿಲ್ಲ.